ಸವಿತಾ ಮೇಡಂ, ನಿಮ್ಮ ಒತ್ತಕ್ಷರದ ಪ್ರಶ್ನೆಗೆ ಉತ್ತರ

ಮೇಡಂ, ಗುಂಪಿಗೆ ಸ್ವಾಗತ. ಫೋನಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುವುದು ಹೇಗೆ, "ಕಾರ್ಯಕ್ರಮ"ದಂಥ ಪದಕ್ಕೆ ಒತ್ತಕ್ಷರ ಹಾಕುವುದು ಹೇಗೆ ಅಂತ ಕೇಳಿದ್ದೀರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಕ್ಕೆ ಕ್ಷಮೆ ಕೇಳಿದ್ದೀರಿ. ಅದೆಲ್ಲ ಬೇಡ. ಇಲ್ಲಿ ಅರ್ಧ ಜನ ಹಾಗೇ ಶುರು ಮಾಡಿದವರು, ನಾನೂ ಸೇರಿ.

ನಿಮ್ಮದು ಆಂಡ್ರಾಯ್ಡ್ ಫೋನು, ಕೀಬೋರ್ಡು Gboard ಅಂದಿದ್ದೀರಿ. ಹಾಗಾದರೆ ಹೊಸದೇನೂ ಹಾಕಿಕೊಳ್ಳಬೇಕಿಲ್ಲ. ಯಾವುದಾದರೂ ಮೆಸೇಜ್ ತೆರೆಯಿರಿ, ಕೀಬೋರ್ಡ್ ಮೇಲಕ್ಕೆ ಬರಲಿ. ಅದರ ಮೇಲಿನ ಸಾಲಿನಲ್ಲಿ ಹಲ್ಲುಚಕ್ರದ ಗುರುತು ಇರುತ್ತದೆ. ಕಾಣದಿದ್ದರೆ ನಾಲ್ಕು ಚೌಕದ ಗುರುತು ಒತ್ತಿ, ಅದರೊಳಗೆ ಸಿಗುತ್ತದೆ. ಆಮೇಲೆ ಹೀಗೆ ಹೋಗಿ:

```
Languages → Add keyboard → Kannada
```

ಅಲ್ಲಿ ಒಂದಕ್ಕಿಂತ ಜಾಸ್ತಿ ಕೀಬೋರ್ಡ್ ತೋರಿಸುತ್ತದೆ. ಕನ್ನಡ ಅಕ್ಷರ ಇರುವುದನ್ನೂ abc → ಕನ್ನಡ ಅಂತ ಇರುವುದನ್ನೂ ಎರಡನ್ನೂ ಆರಿಸಿ Done ಒತ್ತಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಸ್ಪೇಸ್ ಬಾರನ್ನು ಒತ್ತಿ ಹಿಡಿದರೆ ಸಾಕು.

ಎರಡರಲ್ಲಿ ಯಾವುದು? ಮೊದಲ ಎರಡು ದಿನ abc ಇರಲಿ. namaskara ಅಂತ ಹೊಡೆದರೆ ನಮಸ್ಕಾರ ಬರುತ್ತದೆ, ಖುಷಿಯಾಗುತ್ತದೆ. ಆದರೆ ಅಲ್ಲೇ ನಿಲ್ಲಬೇಡಿ. bele ಅಂತ ಹೊಡೆದು ನೋಡಿ. ನಿಮಗೆ ಬೇಕಿರುವುದು ಬೆಲೆಯೋ, ಬೆಳೆಯೋ, ಬೇಳೆಯೋ? ಅದಕ್ಕೇನು ಗೊತ್ತು, ಸುಮ್ನೆ ಊಹೆ ಮಾಡುತ್ತದೆ. ಒಮ್ಮೆ ನಾನು ಮನೆಗೆ "ಹಾಲು ಆಯ್ತಾ" ಅಂತ ಕೇಳಲು ಹೋಗಿ "ಹಾಳು ಆಯ್ತಾ" ಅಂತ ಕಳಿಸಿದ್ದೆ. ಏನು ಹಾಳಾಯ್ತು ಅಂತ ಅಮ್ಮ ಗಾಬರಿಯಿಂದ ಫೋನ್ ಮಾಡಿದ್ದರು. ಮಕ್ಕಳಿಗೆ ಲ, ಳ ತಿದ್ದುವವರು ನೀವು. ನಿಮಗೆ ಕನ್ನಡ ಅಕ್ಷರದ ಕೀಬೋರ್ಡೇ ಸರಿ. ಒಂದು ವಾರ ಬೆರಳು ತಡಕಾಡುತ್ತದೆ, ಆಮೇಲೆ ತಾನಾಗಿ ಓಡುತ್ತದೆ.

ಈಗ ಒತ್ತಕ್ಷರ. ಅದಕ್ಕೆ ಬೇಕಿರುವುದು ಒಂದೇ ಕೀ: ್. ಕ್ ಅಂತ ಬರೆಯುವಾಗ ತಲೆಯ ಮೇಲೆ ಬರುವ ಸುರುಳಿ ಇದೆಯಲ್ಲ, ಅದೇ. ಎರಡು ವ್ಯಂಜನದ ನಡುವೆ ಅದನ್ನು ಒತ್ತಿದರೆ ಎರಡನೆಯದು ತಾನಾಗಿ ಕೆಳಗೆ ಹೋಗುತ್ತದೆ.

```
ಅಕ್ಕ   =  ಅ ಕ ್ ಕ
ಹಳ್ಳಿ   =  ಹ ಳ ್ ಳ ಿ
ಸ್ತ್ರೀ   =  ಸ ್ ತ ್ ರ ೀ
```

ಎಲ್ಲರೂ ಎಡವುವುದು ಅರ್ಕಾವತ್ತಿನಲ್ಲಿ. ಸೂರ್ಯ ಅಂತ ಕೈಯಲ್ಲಿ ಬರೆಯುವಾಗ ಮೊದಲು ಯ, ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತೇವೆ. ಅದೇ ಅಭ್ಯಾಸದಲ್ಲಿ ಯ ಮೊದಲು ಒತ್ತಿದರೆ "ಸೂಯ್ರ" ಆಗುತ್ತದೆ. ಫೋನಿಗೆ ಕೈಬರಹದ ಕ್ರಮ ಬೇಡ, ಬಾಯಲ್ಲಿ ಹೇಳುವ ಕ್ರಮ ಬೇಕು. ಸೂ, ರ್, ಯ. ರ ಮೊದಲು ಕೇಳಿಸುತ್ತದೆ ಅಲ್ವಾ? ಹಾಗಾಗಿ ರ ್ ಯ. ನೀವು ಕೇಳಿದ "ಕಾರ್ಯಕ್ರಮ" ಪದದಲ್ಲಿ ಎರಡು ಥರವೂ ಇದೆ:

```
ಕ ಾ ರ ್ ಯ ಕ ್ ರ ಮ
```

ಇದೊಂದು ಪದ ಸಲೀಸಾಗಿ ಬಂದರೆ ಮಿಕ್ಕಿದ್ದಕ್ಕೆ ಹೆದರಬೇಕಿಲ್ಲ.

ಆ ಸುರುಳಿಯಿಂದಲೇ ಇನ್ನೊಂದು ತರಲೆ ಇದೆ. ಫೋನ್ ಅಂತ ಬರೆದು ಅದರ ಹಿಂದೆಯೇ ನಲ್ಲಿ ಸೇರಿಸಿದರೆ "ಫೋನ್ನಲ್ಲಿ" ಅಂತ ಒತ್ತು ಬಿದ್ದುಬಿಡುತ್ತದೆ. ಬಿಡಿಸಲು ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಆದರೆ ಹೊಸಬರಿಗೆ ಆ ತಲೆನೋವು ಯಾಕೆ? "ಫೋನಿನಲ್ಲಿ" ಅಂತ ಬರೆಯಿರಿ. ಕನ್ನಡವೂ ಚೆಂದ, ಗೋಳೂ ಇಲ್ಲ.

ಸೊನ್ನೆಯ ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. ಅನುಸ್ವಾರದ ಂ ಬೇರೆ, ಕನ್ನಡ ಅಂಕಿ ೦ ಬೇರೆ. ನೋಡಲು ಹೆಚ್ಚುಕಡಿಮೆ ಒಂದೇ. ತುಂಬಾ ಜನ ಬೆಂಗಳೂರಿಗೆ ಅಂಕಿ ಹಾಕಿಬಿಡುತ್ತಾರೆ. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ಆ ಪದವನ್ನು ಆಮೇಲೆ ಹುಡುಕಿದರೆ ಸಿಗುವುದೇ ಇಲ್ಲ. ದುಃಖಕ್ಕೂ ಹಾಗೆಯೇ, ಎರಡು ಚುಕ್ಕಿಯ ಇಂಗ್ಲಿಷ್ ಚಿಹ್ನೆ ಬೇಡ, ಃ ಕೀಯನ್ನೇ ಒತ್ತಿ.

ಶಾಲೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿ ರೂಢಿ ಇದ್ದರೆ ಹೇಳಿ. q ಒತ್ತಿದರೆ ಟ, w ಒತ್ತಿದರೆ ಡ, f ಒತ್ತಿದರೆ ್ ಬರುವ ಆ ವಿನ್ಯಾಸ ಫೋನಿಗೂ ಸಿಗುತ್ತದೆ. ಅದರ ದಾರಿ ಬೇರೆ, ಬೇಕಾದರೆ ಬರೆಯುತ್ತೇನೆ.

ಮೈಕ್ ಒತ್ತಿ ಮಾತಾಡಿದರೂ ಕನ್ನಡ ಬರುತ್ತದೆ. ಗಡಿಬಿಡಿಯಲ್ಲಿ ಒಳ್ಳೆಯದೇ, ಆದರೆ ಪೋಷಕರಿಗೆ ನೋಟಿಸ್ ಕಳಿಸುವ ಮುಂಚೆ ಒಮ್ಮೆ ಓದಿ.

ಇವತ್ತು ಸಂಜೆ "ವಾರ್ಷಿಕೋತ್ಸವದ ಕಾರ್ಯಕ್ರಮ" ಅಂತ ಹೊಡೆದು ಇಲ್ಲಿ ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಸ್ಕ್ರೀನ್‌ಶಾಟ್ ಕಳಿಸಿ, ನೋಡೋಣ.