ಗೋದಾಮಿನ ಮಾಡು ಬದಲಿಸುವ ಕೆಲಸಕ್ಕೆ ನಮ್ಮ ಟೆಂಡರ್ ಪ್ರಸ್ತಾವನೆ – ಕನ್ನಡ ಪ್ರತಿ

ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಸಂಘದ ಅಧ್ಯಕ್ಷರು ಮತ್ತು ನಿರ್ದೇಶಕರಿಗೆ,

ನಮಸ್ಕಾರ. ಇಂಗ್ಲಿಷ್ ಪ್ರತಿಯನ್ನು ಸೀಲ್ ಮಾಡಿ, ಇಎಂಡಿ ಡಿಡಿ ಜೊತೆಗೆ ಕಚೇರಿಗೆ ಕೊಟ್ಟಿದ್ದೇವೆ. ಸಭೆಯಲ್ಲಿ ಎಲ್ಲರೂ ಕೂತು ಓದಲಿಕ್ಕೆ ಕನ್ನಡ ಪ್ರತಿ ಬೇಕು ಅಂದಿರಲ್ಲ, ಅದು ಇದು. ದರ, ದಿನ, ಷರತ್ತು ಎರಡರಲ್ಲೂ ಒಂದೇ. ಎಲ್ಲಾದರೂ ವ್ಯತ್ಯಾಸ ಕಂಡರೆ ಇಂಗ್ಲಿಷ್ ಪ್ರತಿಯೇ ಅಂತಿಮ. ‘ಅಂದಾಜು’ ಎಂದು ಹೇಳಿದ್ದು ಬಿಟ್ಟು ಉಳಿದದ್ದಕ್ಕೆಲ್ಲ ನಾವು ಬದ್ಧರು.

ನಿಮ್ಮ ಗೋದಾಮಿನ ಮಾಡನ್ನು ಹತ್ತಿ ನೋಡಿದ್ದೇವೆ. ಹಳೆಯ ಸಿಮೆಂಟ್ ಶೀಟಿನ ಮೇಲೆ ಪಾಚಿ ಕಟ್ಟಿದೆ. ಆದರೆ ಜಾಸ್ತಿ ಸೋರುತ್ತಿರುವುದು ಶೀಟ್ ಒಡೆದ ಕಡೆ ಅಲ್ಲ, ಮೊಳೆ ಹೊಡೆದ ತೂತುಗಳಲ್ಲಿ ಮತ್ತು ಎರಡು ಮಾಡು ಕೂಡುವ ದೋಣಿಯಲ್ಲಿ. ದೋಣಿ ಕಿರಿದು, ಅದರ ಮೇಲೆ ತರಗೆಲೆ. ಜುಲೈ ಮಳೆ ಒಂದು ಗಂಟೆ ಬಿಡದೆ ಹೊಡೆದರೆ ನೀರು ಹಿಂದಕ್ಕೆ ಉಕ್ಕಿ ಕೆಳಗಿನ ಚೀಲದ ಮೇಲೆ ಬೀಳುತ್ತದೆ. ರಾಶಿ ಇಡಿಗೆ ಒಮ್ಮೆ ಬೂಷ್ಟು ಹಿಡಿದರೆ ಮಾರುಕಟ್ಟೆಯಲ್ಲಿ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾ? ಹಾಗಾಗಿ ಶೀಟ್ ಮಾತ್ರ ಬದಲಿಸಿ ದೋಣಿ ಹಾಗೇ ಬಿಡುವ ದರ ನಾವು ಕೊಟ್ಟಿಲ್ಲ. ಅಂಥ ದರ ಕಡಿಮೆ ಕಾಣುತ್ತದೆ, ನಿಜ. ಬೇರೆಯವರ ಪ್ರಸ್ತಾವನೆಯಲ್ಲಿ ದೋಣಿ ಸೇರಿದೆಯಾ ಎಂದು ದಯವಿಟ್ಟು ನೋಡಿ.

ನಾವು ಹಾಕುವುದು 0.5 ಮಿಮೀ ದಪ್ಪದ ಬಣ್ಣದ ಗ್ಯಾಲ್ವಲ್ಯೂಮ್ ಶೀಟ್, ರಬ್ಬರ್ ವಾಷರ್ ಇರುವ ಸ್ಕ್ರೂ, ಹೊಸ ಅಗಲ ದೋಣಿ. ಒಟ್ಟು 9,600 ಚದರ ಅಡಿ, ಚದರ ಅಡಿಗೆ 195 ರೂಪಾಯಿ, ಅಂದರೆ 18,72,000 ರೂಪಾಯಿ. ಶೇ 18 ಜಿಎಸ್‌ಟಿ 3,36,960 ಸೇರಿ 22,08,960 ರೂಪಾಯಿ. ಬಿಡ್ ತೆರೆದ ದಿನದಿಂದ 90 ದಿನ ಈ ದರ ಬದಲಾಗುವುದಿಲ್ಲ, ಕಬ್ಬಿಣದ ರೇಟು ಏರಿದರೂ.

ಈಗ ದಿನದ ಲೆಕ್ಕ. ಕೆಲಸದ ಆದೇಶ ನಮ್ಮ ಕೈಗೆ ಬಂದ ದಿನವೇ 1ನೇ ದಿನ, ಭಾನುವಾರ ಹಬ್ಬ ಎಲ್ಲ ಸೇರಿ 60ನೇ ದಿನ ಕೆಲಸ ಮುಗಿಸಿ ಕೊಡುತ್ತೇವೆ. 20ನೇ ದಿನದೊಳಗೆ ಸಾಮಾನು ನಿಮ್ಮ ಅಂಗಳದಲ್ಲಿ ಇಳಿದಿರುತ್ತದೆ. ಆಮೇಲೆ ಮೂರು ಅಂಕಣಕ್ಕೆ ತಲಾ 12 ದಿನ, ಒಂದಾದ ಮೇಲೆ ಒಂದು. ಕೊನೆಯ ನಾಲ್ಕು ದಿನ ದೋಣಿಯ ಕೆಲಸ ಮತ್ತು ಪೈಪ್‌ನಿಂದ ನೀರು ಬಿಟ್ಟು ಪರೀಕ್ಷೆ. 2026ರ ಮಾರ್ಚ್ 20ಕ್ಕೆ ಆದೇಶ ಕೊಟ್ಟರೆ ಮೇ 18ಕ್ಕೆ ಮುಗಿಯುತ್ತದೆ. ಆಗಿನ್ನೂ ಕೃತ್ತಿಕಾ ಮಳೆ, ರೋಹಿಣಿ ಹುಟ್ಟಿರುವುದಿಲ್ಲ. ಆದೇಶ ಏಪ್ರಿಲ್‌ಗೆ ಹೋದರೂ 60 ದಿನ 60 ದಿನವೇ, ಆದರೆ ಕೊನೆಯ ಅಂಕಣ ಮುಂಗಾರಿಗೆ ಸಿಕ್ಕಿಕೊಳ್ಳಬಹುದು. ಬೇಗ ಆದೇಶ ಕೊಡಿ ಎನ್ನುವುದು ಅದಕ್ಕೇ. ಯಾವ ತಿಂಗಳಲ್ಲೇ ಆಗಲಿ, ಆ ದಿನ ಸಂಜೆಯೊಳಗೆ ಮುಚ್ಚಲು ಆಗುವಷ್ಟೇ ಮಾಡು ಬಿಚ್ಚುತ್ತೇವೆ, ಟಾರ್ಪಾಲು ಪಕ್ಕದಲ್ಲೇ ಇರುತ್ತದೆ.

ನಿಮ್ಮಿಂದ ಬೇಕಾದದ್ದು ಒಂದೇ. ಆಯಾ ಅಂಕಣದ ಕೆಲಸ ಶುರುವಾಗುವ ಹಿಂದಿನ ಸಂಜೆಯೊಳಗೆ ನಿಮ್ಮ ಹಮಾಲರು ಚೀಲಗಳನ್ನು ಪಕ್ಕದ ಅಂಕಣಕ್ಕೆ ಸಾಗಿಸಿರಬೇಕು. ಅದು ಎಷ್ಟು ದಿನ ತಡವಾದರೆ ಅಷ್ಟೇ ದಿನ ನಮ್ಮ ಗಡುವೂ ಮುಂದೆ ಹೋಗುತ್ತದೆ, ಒಂದು ದಿನವೂ ಹೆಚ್ಚಲ್ಲ. ತಡ ನಮ್ಮದಾದರೆ ಪೂರ್ತಿ ವಾರಕ್ಕೆ 9,360 ರೂಪಾಯಿಯಂತೆ ಬಿಲ್ಲಿನಲ್ಲಿ ಹಿಡಿದುಕೊಳ್ಳಿ, ಗರಿಷ್ಠ 93,600.

ಹಳೆಯ ಶೀಟಿನಲ್ಲಿ ಕಲ್ನಾರು ಇದೆ, ಅದರ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ದರಿಂದ ಸುತ್ತಿಗೆಯಲ್ಲಿ ಒಡೆಯದೆ, ನೀರು ಚಿಮುಕಿಸಿ ಇಡೀ ಶೀಟ್ ಇಳಿಸುತ್ತೇವೆ. ಕೊಟ್ಟಿಗೆಗೆ ನಾಲ್ಕು ಶೀಟ್ ಕೊಡಿ ಅಂತ ಕೇಳುವವರು ಬಂದೇ ಬರುತ್ತಾರೆ. ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಜಾಗಕ್ಕೆ ಸಾಗಿಸಿ ರಸೀದಿ ನಿಮಗೆ ಕೊಡುತ್ತೇವೆ. ಖರ್ಚು ಮೇಲಿನ ದರದಲ್ಲೇ ಇದೆ.

ಮುಂಗಡ ಬೇಡ. ಸಾಮಾನು ಇಳಿದು ನೀವು ಎಣಿಸಿಕೊಂಡ ಮೇಲೆ ಶೇ 30, ಒಂದೊಂದು ಅಂಕಣ ಮುಗಿದಾಗ ಶೇ 20, ಉಳಿದ ಶೇ 10, ಅಂದರೆ 1,87,200 ರೂಪಾಯಿ, ಒಂದು ಮಳೆಗಾಲ ನೋಡಿ ಸೆಪ್ಟೆಂಬರ್ 30ಕ್ಕೆ ಕೊಡಿ. ಜಿಎಸ್‌ಟಿ ಆಯಾ ಬಿಲ್ಲಿನ ಜೊತೆ. ಕೆಲಸ ಒಪ್ಪಿಸಿದ ದಿನದಿಂದ 24 ತಿಂಗಳು, ಎಲ್ಲಿ ಸೋರಿದರೂ ನೀವು ಫೋನ್ ಮಾಡಿದ 48 ಗಂಟೆಯೊಳಗೆ ಬಂದು ನಮ್ಮ ಖರ್ಚಿನಲ್ಲಿ ಸರಿ ಮಾಡುತ್ತೇವೆ. ಮರ ಬಿದ್ದು ಒಡೆದರೆ ಅದು ಇದರಲ್ಲಿ ಸೇರಿಲ್ಲ. ಮಾಡು ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದಿರಿ. ದೋಣಿಯಲ್ಲಿ ಎಲೆ ಕಟ್ಟದಂತೆ ನೋಡಿಕೊಂಡರೆ ಅಂದಾಜು 20 ವರ್ಷ. ಇದು ಗ್ಯಾರಂಟಿ ಅಲ್ಲ.

ಶೀಟ್, ಸ್ಕ್ರೂ, ದೋಣಿಯ ತುಂಡು ಮೂರನ್ನೂ ಸಭೆಯ ದಿನ ತರುತ್ತೇವೆ, ನಿರ್ದೇಶಕರು ಕೈಯಲ್ಲಿ ಹಿಡಿದು, ಬೇಕಾದರೆ ಬಗ್ಗಿಸಿ ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
ಗುತ್ತಿಗೆದಾರರು, ಶಿವಮೊಗ್ಗ