ಮಾಲತಿಗೆ, ‘ಏನೂ ಆಗ್ಲಿಲ್ಲ’ ಅಂದಿದ್ದಕ್ಕೆ

ಶಿವಮೊಗ್ಗ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾಲತಿ,

ನಿನ್ನೆ ನಮ್ಮ ಸಿನಿಮಾ ಗುಂಪಿನವರು ಹಾಕಿದ "ಟೋಕಿಯೋ ಸ್ಟೋರಿ" ನೋಡಿ ಹೋಗಿ, ರಾತ್ರಿ ಮಂಡಗದ್ದೆ ತಲುಪಿದೆ ಅಂತ ಫೋನ್ ಮಾಡಿದವಳು, ಇಡುವ ಮುಂಚೆ ಒಂದು ಮಾತು ಹೇಳಿದೆ. "ಎರಡೂ ಕಾಲು ಗಂಟೆ ಕೂತೆ ಮಾರಾಯ್ತಿ, ಈಗ ಏನಾದ್ರೂ ಆಗುತ್ತೆ, ಈಗ ಆಗುತ್ತೆ ಅಂತ. ಏನೂ ಆಗ್ಲಿಲ್ಲ." ನಾನು "ಹೌದಾ" ಅಂದು ಸುಮ್ಮನಾದೆ. ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಜಗಳದ ಹಾಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ತಪ್ಪು ಮೊದಲು. ಪ್ಲಾಸ್ಟಿಕ್ ಕುರ್ಚಿ, ಮೇಲೆ ಶೀಟಿನ ಮಾಡು, ಅದರ ಮೇಲೆ ಆಷಾಢದ ಮಳೆ. ಇಷ್ಟು ಮೆಲ್ಲಗೆ ಮಾತಾಡುವ ಸಿನಿಮಾವನ್ನು ಮಳೆಗಾಲದಲ್ಲಿ ಆ ಹಾಲ್‌ನಲ್ಲಿ ಹಾಕಬಾರದಿತ್ತು. ಮಾತೆಲ್ಲ ಜಪಾನಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷ್. ಮೊದಲ ಅರ್ಧ ಗಂಟೆ ಯಾರು ಯಾರ ಮಗ, ಯಾರು ಸೊಸೆ ಅಂತ ಹಿಡಿಯುವುದರಲ್ಲೇ ಹೋಗುತ್ತದೆ. ಶುರುವಿನಲ್ಲಿ ಎರಡು ನಿಮಿಷ ನಿಂತು ಆ ಮನೆಯವರನ್ನು ಪರಿಚಯ ಮಾಡಿಕೊಟ್ಟಿದ್ದರೆ ನಿನಗೆ ಅರ್ಧ ಕಷ್ಟ ತಪ್ಪುತ್ತಿತ್ತು. ಮುಂದಿನ ಸಭೆಯಲ್ಲಿ ಇದನ್ನು ಹೇಳುತ್ತೇನೆ.

ಆದರೆ ಏನೂ ಆಗಲಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

"ಟೋಕಿಯೋ ಸ್ಟೋರಿ"ಯಲ್ಲಿ ಒನೊಮಿಚಿ ಅನ್ನುವ ಸಮುದ್ರದ ದಂಡೆಯ ಊರಿಂದ ಇಬ್ಬರು ಮುದುಕರು ಮಕ್ಕಳನ್ನು ನೋಡಲು ಹೊರಡುತ್ತಾರೆ. ಡಾಕ್ಟರ್ ಮಗನಿಗೆ ಪುರುಸೊತ್ತಿಲ್ಲ. ಬ್ಯೂಟಿ ಪಾರ್ಲರ್ ನಡೆಸುವ ಮಗಳಿಗೂ ಇಲ್ಲ. ಇಬ್ಬರೂ ದುಡ್ಡು ಹಾಕಿ ಅಪ್ಪ ಅಮ್ಮನನ್ನು ಅತಾಮಿ ಅನ್ನುವ ಕಡೆ ವಿಶ್ರಾಂತಿಗೆ ಅಂತ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯಿಡೀ ಗಲಾಟೆ. ಒಬ್ಬ ಮಗ ಯುದ್ಧದಲ್ಲಿ ಸತ್ತು ಎಂಟು ವರ್ಷ ಆಗಿದೆ. ಅವನ ಹೆಂಡತಿ ನೊರಿಕೋ ಒಬ್ಬಳೇ ಕೆಲಸಕ್ಕೆ ರಜೆ ಹಾಕಿ ಅವರಿಗೆ ಊರು ತೋರಿಸುತ್ತಾಳೆ. ಊರಿಗೆ ವಾಪಸಾಗುವಾಗ ಅಮ್ಮನಿಗೆ ಹುಷಾರು ತಪ್ಪುತ್ತದೆ. ಊರು ಸೇರಿ ಕೆಲವೇ ದಿನಕ್ಕೆ ಸಾಯುತ್ತಾಳೆ. ಒಸಾಕಾದಲ್ಲಿರುವ ಮಗ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮುದುಕ ಒಬ್ಬನೇ ಉಳಿಯುತ್ತಾನೆ.

ನಿಮ್ಮ ಮನೆಯಲ್ಲೋ ನಮ್ಮ ಮನೆಯಲ್ಲೋ ಹದಿನೈದು ದಿನದಲ್ಲಿ ಇಷ್ಟೂ ನಡೆದಿದ್ದರೆ ಏನೂ ಆಗಲಿಲ್ಲ ಅನ್ನುತ್ತಿದ್ದೆವಾ?

ನಿನಗೆ ಯಾಕೆ ಹಾಗನ್ನಿಸಿತು ಅಂತ ರಾತ್ರಿ ಯೋಚಿಸಿದೆ. ನಾವು ಯಾವುದನ್ನು ಘಟನೆ ಅನ್ನುತ್ತೇವೋ ಅದನ್ನೇ ನಿರ್ದೇಶಕ ಓಜು ದಾಟಿಕೊಂಡು ಹೋಗಿಬಿಡುತ್ತಾನೆ. ನೆನಪು ಮಾಡಿಕೋ. ಮೊದಲ ದೃಶ್ಯದಲ್ಲಿ ಅಪ್ಪ ಅಮ್ಮ ಬ್ಯಾಗ್ ತುಂಬುತ್ತಿರುತ್ತಾರೆ. ಗಾಳಿ ತುಂಬುವ ದಿಂಬು ನಿನ್ನ ಹತ್ತಿರ ಕೊಟ್ಟಿದ್ದೆ, ಇಲ್ಲ ಕೊಟ್ಟಿಲ್ಲ ಅಂತ ಸಣ್ಣ ಮಾತು ನಡೆಯುತ್ತದೆ. ಕೊನೆಗೆ ಅದು ಅವನ ಬ್ಯಾಗಿನಲ್ಲೇ ಸಿಗುತ್ತದೆ. ಅಲ್ಲಿಂದ ನೇರ ಟೋಕಿಯೋದ ಮನೆ. ನಡುವೆ ಅಷ್ಟು ದೂರದ ರೈಲು ಪ್ರಯಾಣ ಎಲ್ಲಿ ಹೋಯಿತು? ತೋರಿಸುವುದೇ ಇಲ್ಲ. ವಾಪಸು ಬರುವಾಗ ಅಮ್ಮ ರೈಲಿನಲ್ಲಿ ಹುಷಾರು ತಪ್ಪಿದ್ದೂ ಹಾಗೇ. ಒಸಾಕಾದ ಮಗ ಆಫೀಸಿನಲ್ಲಿ ಜೊತೆಗಾರನಿಗೆ ಹೇಳುವಾಗ ನಮಗೆ ಗೊತ್ತಾಗುತ್ತದೆ. ಕೊನೆಯ ಉಸಿರೂ ಇಲ್ಲ. ರಾತ್ರಿ ಡಾಕ್ಟರ್ ಮಗ ಬೆಳಗಾಗುವವರೆಗೆ ಇದ್ದರೆ ಹೆಚ್ಚು ಅನ್ನುತ್ತಾನೆ. ಆಮೇಲೆ ಬೆಳಗಾಗುತ್ತದೆ, ಅಷ್ಟೇ.

ಸಾವಿನ ಸುದ್ದಿ ನಮಗೆ ಬರುವುದೂ ಹೀಗೇ ಅಲ್ವಾ? ಬೆಳಗಿನ ಜಾವ ಯಾರೋ ಫೋನ್ ಮಾಡುತ್ತಾರೆ. ನಮ್ಮ ಕಣ್ಣೆದುರು ಇರುವುದು ಅದರ ಹಿಂದಿನ ಸಂಜೆಯ ಯಾವುದೋ ಮಾತು, ಅದರ ಮರುದಿನದ ಖಾಲಿ ಮಂಚ. ಹಾಗಾಗಿ ಈ ಸಿನಿಮಾ ನಿಧಾನ ಅನ್ನುವುದೂ ಪೂರ್ತಿ ಸರಿಯಲ್ಲ. ಬೇರೆಯವರು ಅರ್ಧ ಗಂಟೆ ಎಳೆಯುವುದನ್ನು ಇವನು ಒಂದೇ ಹೆಜ್ಜೆಯಲ್ಲಿ ದಾಟುತ್ತಾನೆ. ಬೇರೆಯವರು ಕತ್ತರಿಸಿ ಎಸೆಯುವ ಕಡೆ ಇವನು ಕೂತುಬಿಡುತ್ತಾನೆ.

ಕೂರುವುದು ಅಂದೆನಲ್ಲ, ಕ್ಯಾಮೆರಾ ಎಷ್ಟು ಕೆಳಗಿದೆ ಅಂತ ಗಮನಿಸಿದೆಯಾ? ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಇದೆ. ಅಲುಗಾಡುವುದೂ ಅಪರೂಪ. ನನಗೆ ಅದು ನಿಮ್ಮ ಮನೆ ಜಗಲಿಯಲ್ಲಿ ಕೂತ ಹಾಗೆ ಅನ್ನಿಸಿತು. ಜಗಲಿಯಲ್ಲಿ ಕೂತವರು ಯಾರ ಹಿಂದೆಯೂ ಓಡುವುದಿಲ್ಲ. ಒಬ್ಬರು ಒಳಗೆ ಹೋಗುತ್ತಾರೆ, ಒಬ್ಬರು ಬರುತ್ತಾರೆ, ಸ್ವಲ್ಪ ಹೊತ್ತು ಯಾರೂ ಇಲ್ಲದ ಬಾಗಿಲು ಕಾಣುತ್ತದೆ. ಆ ಖಾಲಿ ಬಾಗಿಲನ್ನು ಅವನು ಹಾಗೇ ಇಟ್ಟುಕೊಂಡಿದ್ದಾನೆ.

ಮಗಳು ಶಿಗೆಯನ್ನು ನೋಡಿ ನಿನಗೆ ಸಿಟ್ಟು ಬಂತು ಅಂದೆ. ಸಿನಿಮಾದಲ್ಲಿ ನಿನಗೆ ಏನಾದರೂ ಅನ್ನಿಸಿದ್ದು ಅವಳೊಬ್ಬಳ ಬಗ್ಗೆ ಮಾತ್ರ ಅಂತಲೂ ಅಂದೆ. ಅಮ್ಮನಿಗೆ ಸೀರಿಯಸ್ ಅಂತ ತಿಳಿದ ಕೂಡಲೇ ಸಾವಿನ ಮನೆಯ ಬಟ್ಟೆ ಇಟ್ಟುಕೊಂಡು ಹೊರಡುವವಳು ಅವಳು. ಅಮ್ಮ ಹೋದಾಗ ಜೋರಾಗಿ ಅಳುತ್ತಾಳೆ. ಎಲ್ಲ ಮುಗಿಸಿ ಊಟಕ್ಕೆ ಕೂತಾಗ, ಅಮ್ಮನ ಆ ಬೂದು ಬಣ್ಣದ ನಡುಪಟ್ಟಿ ನನಗೆ ನೆನಪಿಗೆ ಬೇಕು ಅನ್ನುತ್ತಾಳೆ.

ಮಾಲತಿ, ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ನಮ್ಮ ಅಮ್ಮ ಹೋದ ಮೇಲೆ, ವೈಕುಂಠ ಸಮಾರಾಧನೆಯ ದಿನ, ಊಟ ಮುಗಿದು ಎಲೆ ಇನ್ನೂ ತೆಗೆದಿರಲಿಲ್ಲ. ಅತ್ತಿಗೆಯನ್ನು ಅಡುಗೆಮನೆ ಬಾಗಿಲಿಗೆ ಕರೆದು, ಅಮ್ಮನ ಕುಂಕುಮ ಬಣ್ಣದ ಸೀರೆ ಎಲ್ಲಿದೆ ಅಂತ ಕೇಳಿದ್ದು ನಾನು. ಅವತ್ತು ಬೆಳಗ್ಗೆ ಅತ್ತಿದ್ದೂ ನಾನೇ. ಅತ್ತಿದ್ದು ಸುಳ್ಳಲ್ಲ. ಸೀರೆ ಕೇಳಿದ್ದೂ ದುರಾಸೆಯಿಂದಲ್ಲ, ಆ ಸೀರೆಯಲ್ಲಿ ಅಮ್ಮನ ವಾಸನೆ ಇತ್ತು. ಆದರೆ ಅತ್ತಿಗೆಯ ಮುಖ ಬದಲಾಗಿದ್ದು ಕಂಡಿತ್ತು. ಇಷ್ಟು ವರ್ಷ ಆ ಮುಖವನ್ನು ಇಟ್ಟುಕೊಂಡು ಬದುಕಿದ್ದೇನೆ.

ಶಿಗೆ ಆ ಮಾತಾಡಿದಾಗ ಓಜು ಸಂಗೀತ ಏರಿಸಿ ಅವಳನ್ನು ಕೆಟ್ಟವಳು ಮಾಡಿಬಿಡಬಹುದಿತ್ತು. ಅವಳ ಮುಖದ ಹತ್ತಿರ ಹೋಗಿ ಆಸೆ ತೋರಿಸಬಹುದಿತ್ತು. ಮಾಡಲಿಲ್ಲ. ಅವಳು ಕೇಳುತ್ತಾಳೆ, ತಂಗಿ ಹ್ಞೂಂ ಅನ್ನುತ್ತಾಳೆ, ಊಟ ಮುಂದುವರಿಯುತ್ತದೆ. ಆ ಸಾಲಿನಲ್ಲಿ ಕೂತು ನನಗೆ ಎದೆ ಹಿಡಿದ ಹಾಗಾಯಿತು. ಪಕ್ಕದಲ್ಲೇ ಇದ್ದ ನೀನು ಆಗ ವಾಚ್ ನೋಡಿಕೊಂಡೆ. ತಪ್ಪು ಹೇಳುತ್ತಿಲ್ಲ, ನಿನಗೆ ಬಸ್ಸಿನ ಯೋಚನೆ. ಆದರೆ ನನ್ನ ಮಟ್ಟಿಗೆ ಆ ಇಡೀ ಸಂಜೆಯಲ್ಲಿ ಅದಕ್ಕಿಂತ ದೊಡ್ಡದು ಏನೂ ಆಗಲಿಲ್ಲ.

ಆಮೇಲೆ ಕೊನೆಯ ಮಗಳು ಕ್ಯೋಕೋ, ಆ ಟೀಚರ್ ಹುಡುಗಿ, ಅಕ್ಕ ಅಣ್ಣಂದಿರ ಮೇಲೆ ಸಿಟ್ಟು ಮಾಡುತ್ತಾಳಲ್ಲ. ನಿನ್ನದೇ ಸಿಟ್ಟು ಅದು. ನೊರಿಕೋ ಅವಳಿಗೆ, ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಅವರದೇ ಬದುಕು ಇರುತ್ತದೆ ಅನ್ನುತ್ತಾಳೆ. ಬದುಕು ಅಂದರೆ ಇಷ್ಟೇನಾ, ಬೇಜಾರಲ್ವಾ ಅಂತ ಹುಡುಗಿ ಕೇಳುತ್ತಾಳೆ. ನೊರಿಕೋ ನಗುತ್ತಾ ಹೌದು ಅಂದುಬಿಡುತ್ತಾಳೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಅತ್ತೆ ಮಾವ ಬಂದರೆ ಕುಡಿಯಲು ಕೊಡಲಿಕ್ಕೆ ಪಕ್ಕದ ಮನೆಯಿಂದ ಕಡ ತರುವವಳು ಆ ಒಂದು ಮಾತನ್ನು ಹೇಳಬೇಕಾದರೆ ಅದಕ್ಕೆ ಮುಂಚಿನ ಎರಡು ಗಂಟೆ ಬೇಕೇ ಬೇಕು. ಮೊದಲ ಹತ್ತು ನಿಮಿಷದಲ್ಲಿ ಹೇಳಿದ್ದರೆ ಅದು ಬರೀ ಡೈಲಾಗ್ ಆಗುತ್ತಿತ್ತು.

2012ರಲ್ಲಿ ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ ಕೇಳಿದಾಗ ಲೋಕದ ಬೇರೆ ಬೇರೆ ನಿರ್ದೇಶಕರು ಸೇರಿ 1953ರ ಈ ಸಿನಿಮಾಕ್ಕೇ ಮೊದಲ ಸ್ಥಾನ ಕೊಟ್ಟರು. ಅದನ್ನು ಹೇಳಿ ನಿನ್ನ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ನಿನಗೆ ತಟ್ಟದಿದ್ದರೆ ಯಾರ ಓಟು ಎಷ್ಟಿದ್ದರೇನು. ಅಪ್ಪನ ಪಾತ್ರ ಮಾಡಿದ ಚಿಶು ರ್ಯುಗೆ ಆಗ ಐವತ್ತು ಕೂಡ ಆಗಿರಲಿಲ್ಲ ಅನ್ನುವುದು ನನಗೆ ಅದಕ್ಕಿಂತ ಆಶ್ಚರ್ಯ. ಆ ಬೆನ್ನು, ಆ ಹ್ಞೂಂಗುಟ್ಟುವಿಕೆ, ಎಲ್ಲಿಂದ ತಂದ?

ಇದು ಪಟ್ಟಣದ ಓದಿದವರ ಸಿನಿಮಾ, ನಮ್ಮಂಥವರಿಗಲ್ಲ ಅಂತಲೂ ಅಂದೆ. ಇದನ್ನು ಕೇಳಿ ಬೇಜಾರಾಯಿತು. ನೀನಾಸಂನವರು ಹೆಗ್ಗೋಡಿನಲ್ಲಿ ಚಿತ್ರಸಮಾಜ ಶುರು ಮಾಡಿದ್ದು 1973ರಲ್ಲಿ. ಅಡಿಕೆ ತೋಟಗಳ ನಡುವಿನ ಹಳ್ಳಿ ಅದು. ಅಲ್ಲಿ ಕೂತು ಹೊರದೇಶದ ಸಿನಿಮಾ ನೋಡಿದವರು ನಮ್ಮಂಥವರೇ. ಇನ್ನು ನಿನ್ನ ವಿಷಯ. ಹೊಳೆ ನೀರಿನ ಬಣ್ಣ ನೋಡಿ ಮೇಲೆ ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ ಅನ್ನುವವಳು ನೀನು. ನನಗೆ ಅಲ್ಲಿ ಬರೀ ನೀರು ಕಾಣುತ್ತದೆ. ಅಂಥ ಕಣ್ಣಿರುವವಳು, ಅತಾಮಿಯ ಸಮುದ್ರದ ಕಟ್ಟೆಯಿಂದ ಏಳುವಾಗ ಆ ಅಮ್ಮ ಒಂದು ಕ್ಷಣ ತೂರಾಡಿದ್ದನ್ನು ನೋಡಲಿಲ್ಲವಾ? ನೋಡಿರುತ್ತೀಯ. ಅದೇ ಶುರು. ಅದನ್ನು ಯಾರೂ ಕೈ ತೋರಿಸಿ ಹೇಳಲಿಲ್ಲ, ಅಷ್ಟೇ.

ಇನ್ನೊಂದು ಬರೆದು ಮುಗಿಸುತ್ತೇನೆ. ಅಮ್ಮ ಸತ್ತ ಬೆಳಗ್ಗೆ ಅಪ್ಪ ಮನೆಯೊಳಗೆ ಇರುವುದಿಲ್ಲ. ನೊರಿಕೋ ಹುಡುಕಿಕೊಂಡು ಹೋದರೆ ಸಮುದ್ರದ ಕಡೆ ನೋಡುತ್ತಾ ನಿಂತಿರುತ್ತಾನೆ. ಬೆಳಗು ಚೆನ್ನಾಗಿತ್ತು, ಇವತ್ತೂ ಸೆಕೆ ಜಾಸ್ತಿ ಅನ್ನುತ್ತಾನೆ. ನೀನು ಇದನ್ನೇ ಉದಾಹರಣೆ ಕೊಟ್ಟೆ, ಹೆಂಡತಿ ಸತ್ತಾಗ ಹವಾಮಾನ ಮಾತಾಡುತ್ತಾನೆ ಅಂತ. ನಿಮ್ಮ ಅತ್ತೆ ಹೋದ ದಿನ ನಾನು ಬಂದಾಗ ನಿಮ್ಮ ಮಾವ ಜಗಲಿ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಅವರು ಮೊದಲು ಕೇಳಿದ್ದು, "ಘಾಟಿ ಕಡೆ ಮಳೆ ಉಂಟಾ?" ಅಂತ. ನಾನು ಬಂದಿದ್ದು ಘಾಟಿ ಕಡೆಯಿಂದ ಅಲ್ಲ, ಶಿವಮೊಗ್ಗದಿಂದ. ಅದು ಅವರಿಗೂ ಗೊತ್ತಿತ್ತು. ಅವತ್ತು ನೀನು ಕಣ್ಣು ಒರೆಸಿಕೊಂಡು ಒಳಗೆ ಹೋದೆ. ಹಾಗಾದರೆ ಅವರು ಏನು ಕೇಳುತ್ತಿದ್ದರು ಅಂತ ನಿನಗೆ ಆಗಲೇ ಅರ್ಥ ಆಗಿತ್ತಲ್ಲ.

ಮಳೆ ಕಡಿಮೆಯಾದ ಮೇಲೆ ಇದನ್ನೇ ಇನ್ನೊಂದು ಸಲ ನೋಡೋಣ. ಹಾಲ್ ಬೇಡ, ನಮ್ಮ ಮನೆಯಲ್ಲೇ. ನನ್ನ ಹತ್ತಿರ ಪೆನ್‌ಡ್ರೈವ್‌ನಲ್ಲಿದೆ. ಅಕ್ಷರ ಬಂದಾಗ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಬಸ್ಸಿನ ಗಡಿಬಿಡಿ ಬೇಡ, ರಾತ್ರಿ ಉಳಿಯುವ ಹಾಗೆ ಬಾ. ಸಾಧ್ಯವಾದರೆ ಮಾವನನ್ನೂ ಕರೆದುಕೊಂಡು ಬಾ. ಅವರಿಗೆ ಕೆಳಗೆ ಕೂರಲು ಆಗುವುದಿಲ್ಲ ಅಂತ ಗೊತ್ತು, ಆರಾಮ ಕುರ್ಚಿ ಇದೆ.

ನಿನ್ನ,
ವಸುಧಾ