ಜೂನಿಯರ್ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಅರ್ಜಿ

ದಿನಾಂಕ: 12 ಜನವರಿ 2026

ಇವರಿಂದ:
ಮಂಜುಳಾ
ಟೇಕಲ್, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ

ಇವರಿಗೆ:
ಕ್ವಾಲಿಟಿ ವಿಭಾಗದ ಮ್ಯಾನೇಜರ್ ಅವರಿಗೆ
ವಾಹನ ಬಿಡಿಭಾಗಗಳ ಘಟಕ, ಮಾಲೂರು ಕೈಗಾರಿಕಾ ಪ್ರದೇಶ

ಮಾನ್ಯರೇ,

ನಿಮ್ಮ ಘಟಕದ ಗೇಟಿನಲ್ಲಿ ಹಾಕಿರುವ ನೋಟಿಸ್ ನೋಡಿ ಈ ಅರ್ಜಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ಐಎಸ್‌ಒ 9001:2015 ಇಂಟರ್ನಲ್ ಆಡಿಟರ್ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದಿದ್ದೇನೆ. ಓದಿರುವುದು ಪಿಯುಸಿ ವಿಜ್ಞಾನ. ಫ್ಯಾಕ್ಟರಿಯಲ್ಲಿ ದುಡಿದ ಅನುಭವ ಇಲ್ಲ. 2016ರಿಂದ ನಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷಕಿಯಾಗಿದ್ದೇನೆ.

ಡೈರಿಯಲ್ಲಿ ನಾನು ಮಾಡುವುದು ಅಳತೆಯ ಕೆಲಸವೇ. ಬೆಳಿಗ್ಗೆ, ಸಂಜೆ ಪ್ರತಿಯೊಬ್ಬರ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ನೋಡಿ ಬರೆಯಬೇಕು. ಆ ಅಂಕಿಯ ಮೇಲೇ ಅವರಿಗೆ ದುಡ್ಡು ಬರುತ್ತದೆ. ಹಾಲು ಹಾಕಿದವರು ಎದುರಿಗೇ ನಿಂತಿರುತ್ತಾರೆ. ಅತ್ತೆ, ಚಿಕ್ಕಪ್ಪ ಅಂತ ಕರೆಯುವವರೇ ಜಾಸ್ತಿ. ಹಾಗಂತ ಅಂಕಿ ಬದಲಾಗುವುದಿಲ್ಲ. ಇದು ಸುಲಭ ಅಲ್ಲ, ಆದರೆ ನನಗೆ ಅಭ್ಯಾಸವಾಗಿದೆ.

ಒಮ್ಮೆ ಕೆಲವರು ಒಂದೇ ಹಸುವಿನ ಹಾಲಿಗೆ ದಿನಕ್ಕೊಂದು ಫ್ಯಾಟ್ ಬರುತ್ತಿದೆ ಎಂದು ಜಗಳಕ್ಕೆ ಬಂದರು. ಎಲ್ಲರೂ ಮೆಷಿನ್ ಕೆಟ್ಟಿದೆ ಎಂದರು. ನಾನು ಒಂದೇ ಸ್ಯಾಂಪಲ್ ಅನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ರೀಡಿಂಗ್ ಅಷ್ಟೇ ಬಂತು. ಹಾಗಾದರೆ ತೊಂದರೆ ಸ್ಯಾಂಪಲ್ ತೆಗೆಯುವಲ್ಲಿ ಇರಬೇಕು, ಅಲ್ವಾ? ದೂರದಿಂದ ಬರುವವರ ಕ್ಯಾನಿನಲ್ಲಿ ಹಾಲು ನಿಂತು ಕೆನೆ ಮೇಲೆ ಬಂದಿರುತ್ತಿತ್ತು. ಕಲಕದೆ ತೆಗೆದರೆ ಮೇಲಿನದಕ್ಕೊಂದು ಲೆಕ್ಕ, ಕೆಳಗಿನದಕ್ಕೊಂದು ಲೆಕ್ಕ. ಅಂದಿನಿಂದ ಎಲ್ಲರ ಕ್ಯಾನನ್ನೂ ಚೆನ್ನಾಗಿ ಕಲಕಿದ ಮೇಲೆಯೇ ಸ್ಯಾಂಪಲ್ ಎಂಬ ನಿಯಮ ಮಾಡಿ ಗೋಡೆಗೆ ಬರೆಸಿದೆವು. ಆ ದೂರು ಮತ್ತೆ ಬರಲಿಲ್ಲ.

ತರಬೇತಿಯಲ್ಲಿ 10.2ನೇ ಕಲಂ ಓದುವಾಗ ಈ ಪ್ರಸಂಗವೇ ನೆನಪಾಯಿತು. ತಪ್ಪಾದ ಮಾಲನ್ನು ಸರಿ ಮಾಡಿದರೆ ಸಾಲದು, ಕಾರಣ ಹುಡುಕಿ ಅದನ್ನೇ ತೆಗೆಯಬೇಕು ಎನ್ನುತ್ತದೆ ಅದು. ಅಳತೆಯ ಉಪಕರಣಗಳ ಬಗ್ಗೆ ಹೇಳುವ 7.1.5 ಕೂಡ ನನಗೆ ಹತ್ತಿರದ್ದು. ಕ್ಯಾಲಿಬ್ರೇಷನ್ ತಪ್ಪಿದ ಮೆಷಿನ್ ಮುಂದೆ ಕೂತು ಅಂಕಿ ಬರೆಯುವುದು ಜನರಿಗೆ ಮಾಡುವ ಮೋಸ ಎಂದೇ ನಾನು ನಂಬಿದ್ದೇನೆ.

ವರ್ನಿಯರ್, ಮೈಕ್ರೋಮೀಟರ್ ಬಳಸಿರುವುದು ತರಬೇತಿಯಲ್ಲಿ ಮಾತ್ರ. ಡ್ರಾಯಿಂಗ್ ಓದುವುದನ್ನು ಈಗ ಸಂಜೆ ಹೊತ್ತು ಕಲಿಯುತ್ತಿದ್ದೇನೆ. ಇವೆರಡರಲ್ಲೂ ನಿಮ್ಮಲ್ಲಿ ಹಿರಿಯರ ಕೈಕೆಳಗೆ ಪಳಗಲು ಸಿದ್ಧಳಿದ್ದೇನೆ. ಶಿಫ್ಟ್ ಕೆಲಸಕ್ಕೂ ತಯಾರಿದ್ದೇನೆ. ಟೇಕಲ್‌ನಿಂದ ಮಾಲೂರಿಗೆ ರೈಲು ಇದೆ, ಬಸ್ಸೂ ಇದೆ.

ಆಯ್ಕೆಯಾದರೆ ಕೆಲಸಕ್ಕೆ ಸೇರಲು ಒಂದು ತಿಂಗಳು ಬೇಕಾಗುತ್ತದೆ. ಡೈರಿಯಲ್ಲಿ ನನ್ನ ಜಾಗಕ್ಕೆ ಬರುವವರಿಗೆ ಕೆಲಸ ಕಲಿಸಿ ಬರಬೇಕು. ಬೆಳಗಿನ ಹಾಲಿನ ಕೆಲಸ ಮುಗಿಸಿ ಹತ್ತು ಗಂಟೆಯ ಮೇಲೆ ಯಾವ ದಿನ ಕರೆದರೂ ಸಂದರ್ಶನಕ್ಕೆ ಬರುತ್ತೇನೆ. ಸರ್ಟಿಫಿಕೇಟ್ ಪ್ರತಿ, ಬಯೋಡೇಟಾ ಮತ್ತು ಡೈರಿ ಕಾರ್ಯದರ್ಶಿಯವರ ಪತ್ರವನ್ನು ಜೊತೆಗಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಂಜುಳಾ